ಹೋದ ತಿಂಗಳ ಮನೆಗೇ ಮತ್ತೆ ಹೋಗಬೇಕಾ?

(ಜೂನ್ 29ರ ಸಂಖ್ಯಾಶಾಸ್ತ್ರ ದಿನದಂದು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋದು ಅರ್ಧ ಗಂಟೆ. ಹಾರ, ಸ್ವಾಗತ ಎಲ್ಲ ಸೇರಿ ಅದರಲ್ಲಿ ಹತ್ತು ನಿಮಿಷ ಆಗಲೇ ಹೋಯ್ತು. ನೇರವಾಗಿ ಅಜ್ಜಿಯ ಕಥೆಗೆ ಬರುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಲಿನ ಸಮೀಕ್ಷೆಗೆ ಹಳ್ಳಿ ಸುತ್ತುತ್ತಿದ್ದೆ. ಒಂದೇ ಮನೆಗೆ ನಾಲ್ಕು ತಿಂಗಳು ಹೋಗಬೇಕು. ಮೊದಲ ತಿಂಗಳು ಆ ಅಜ್ಜಿ ನನ್ನನ್ನು ಕೊಟ್ಟಿಗೆಗೇ ಕರೆದುಕೊಂಡು ಹೋದರು. ಮೂರು ಹಸು. ಒಂದೊಂದರ ಹೆಸರು, ಒಂದೊಂದು ಎಷ್ಟು ಕೊಡುತ್ತೆ, ಕರುವಿಗೆ ಎಷ್ಟು ಬಿಡುತ್ತಾರೆ, ಎಲ್ಲ ಹೇಳಿ ಕಾಫಿ ಕೊಟ್ಟರು. ಎರಡನೇ ತಿಂಗಳು ಜಗಲಿ ಮೇಲೇ ಮಾತು ಮುಗಿಯಿತು. ಮೂರನೇ ತಿಂಗಳು ಕಾಫಿ ಇಲ್ಲ. ನಾಲ್ಕನೇ ತಿಂಗಳು ಬಾಗಿಲಿಂದಲೇ, "ಹೋದ್ ಸಲದ್ದೇ ಬರ್ಕೊಳಪ್ಪ" ಅಂದರು. ನಾನೂ ಬರೆದುಕೊಂಡೆ. ವಾಪಸ್ ಬರುವಾಗ ಕೊಟ್ಟಿಗೆ ಕಡೆ ನೋಡಿದರೆ ಎರಡೇ ಹಸು!

ಈ ಅಜ್ಜಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಹಾಗಾದರೆ ಪ್ರತಿ ತಿಂಗಳು ಹೊಸ ಮನೆಗೆ ಹೋದರಾಯ್ತಲ್ವಾ? ಲೆಕ್ಕ ಹಾಕೋಣ. ತಿಂಗಳಿಗೆ 100 ಮನೆ. ಮನೆಯಿಂದ ಮನೆಗೆ ಹಾಲಿನ ಸ್ಟ್ಯಾಂಡರ್ಡ್ ಡೀವಿಯೇಷನ್ ದಿನಕ್ಕೆ 4 ಲೀಟರ್. ಎರಡೂ ತಿಂಗಳು ಬೇರೆ ಬೇರೆ ಮನೆ ಆದರೆ ವ್ಯತ್ಯಾಸದ ವೇರಿಯನ್ಸ್ 16/100 + 16/100, ಅಂದರೆ 0.32. ಸ್ಟ್ಯಾಂಡರ್ಡ್ ಎರರ್ ಸುಮಾರು 0.57 ಲೀಟರ್. ಹಾಲು ನಿಜವಾಗಿ 0.7 ಲೀಟರ್ ಜಾಸ್ತಿ ಆಗಿದ್ದರೂ ಧೈರ್ಯವಾಗಿ ಹೇಳೋಕಾಗಲ್ಲ. ಈ ತಿಂಗಳು ದೊಡ್ಡ ಕೊಟ್ಟಿಗೆಯ ಮನೆಗಳು ನಾಲ್ಕು ಜಾಸ್ತಿ ಸಿಕ್ಕಿರಬಹುದಲ್ಲ!

ಅದೇ 100 ಮನೆಗೆ ಮತ್ತೆ ಹೋದರೆ? ಹೋದ ತಿಂಗಳು ಜಾಸ್ತಿ ಕರೆದವರು ಈ ತಿಂಗಳೂ ಜಾಸ್ತಿ ಕರೆಯುತ್ತಾರೆ. ಎರಡು ತಿಂಗಳ ನಡುವಿನ ಕೋರಿಲೇಷನ್ 0.8 ಇದ್ದರೆ ವೇರಿಯನ್ಸ್ 0.32 × (1 − 0.8) = 0.064. ಮನೆ ದೊಡ್ಡದೋ ಚಿಕ್ಕದೋ ಅನ್ನೋದು ಕಳೆಯುವಾಗ ಬಹುಪಾಲು ಹೊರಟುಹೋಗುತ್ತೆ. ಆದರೆ ಅಜ್ಜಿಗೆ ಬೇಜಾರಾಗುತ್ತೆ. ಅದಕ್ಕೇ ಮಧ್ಯದ ದಾರಿ: 75 ಮನೆ ಉಳಿಸಿಕೊಂಡು 25 ಬದಲಾಯಿಸೋದು.

ನನ್ನ ಜಗಳ ಶುರುವಾಗೋದೇ ಇಲ್ಲಿ. ಇಷ್ಟು ಕಷ್ಟಪಟ್ಟು ಮನೆ ಉಳಿಸಿಕೊಂಡು, ಕೊನೆಗೆ ಈ ತಿಂಗಳ ಸರಾಸರಿಯಿಂದ ಹೋದ ತಿಂಗಳ ಸರಾಸರಿ ಸುಮ್ನೆ ಕಳೆದುಬಿಡುತ್ತಾರೆ. ಆಗ ವೇರಿಯನ್ಸ್ 0.128. ಬದಲಿಗೆ ಎರಡು ವ್ಯತ್ಯಾಸ ಬೇರೆ ಬೇರೆ ತೆಗೆಯಿರಿ. ಉಳಿದ 75 ಮನೆಗಳದ್ದು ಒಂದು, ಅದರ ವೇರಿಯನ್ಸ್ 0.085. ಹೊಸ 25ಕ್ಕೂ ಬಿಟ್ಟ 25ಕ್ಕೂ ಇರುವ ವ್ಯತ್ಯಾಸ ಇನ್ನೊಂದು, ಅದರದ್ದು 1.28. ಎರಡನೆಯದು ಹದಿನೈದು ಪಟ್ಟು ಒರಟು. ಹಾಗಾಗಿ ತೂಕವನ್ನು 75ಕ್ಕೆ 25 ಅಂತ ಹಂಚಬೇಡಿ, 15ಕ್ಕೆ 1 ಅಂತ ಹಂಚಿ. ವೇರಿಯನ್ಸ್ 0.08ಕ್ಕೆ ಇಳಿಯುತ್ತೆ, ಸ್ಟ್ಯಾಂಡರ್ಡ್ ಎರರ್ 0.36ರಿಂದ 0.28ಕ್ಕೆ. ಅದೇ 0.7 ಲೀಟರ್ ಈಗ ಎದ್ದು ಕಾಣುತ್ತೆ. ಒಂದು ಮನೆಗೂ ಹೆಚ್ಚಿಗೆ ಹೋಗಲಿಲ್ಲ, ಪೆಟ್ರೋಲ್ ಖರ್ಚಿಲ್ಲ, ಬರೀ ಪೆನ್ಸಿಲ್. 1942ರಲ್ಲೇ ಅಮೆರಿಕದ ಅಯೋವಾದ ರೈತರ ಸಮೀಕ್ಷೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಜೆಸ್ಸನ್ ಹಳೇ ಮನೆ, ಹೊಸ ಮನೆಗಳ ಲೆಕ್ಕವನ್ನು ಹೀಗೆ ತೂಗಿ ಸೇರಿಸುವ ದಾರಿ ತೋರಿಸಿದ್ದರು.

ಈಗ ಅಜ್ಜಿ. "ಹೋದ್ ಸಲದ್ದೇ" ಅಂದಾಗ ಏನಾಯ್ತು? ಕಾಗದದ ಮೇಲೆ ಬದಲಾವಣೆ ಸೊನ್ನೆ. ಕೋರಿಲೇಷನ್ ಮಾತ್ರ ಸುಳ್ಳುಸುಳ್ಳೇ ಏರುತ್ತೆ, ಎರರ್ ಚಿಕ್ಕದಾಗಿ ಕಾಣುತ್ತೆ, ನಾವು ಖುಷಿಪಡುತ್ತೇವೆ! ಕಂಡುಹಿಡಿಯೋದು ಹೇಗೆ? ಒಂದೇ ತಿಂಗಳಲ್ಲಿ ಮೊದಲ ಸಲ ಹೋದ ಮನೆಗಳ ಸರಾಸರಿ, ನಾಲ್ಕನೇ ಸಲ ಹೋದ ಮನೆಗಳ ಸರಾಸರಿ ಪಕ್ಕಪಕ್ಕ ಇಡಿ. ಎರಡೂ ಅದೇ ಊರುಗಳಿಂದ ಚೀಟಿ ಎತ್ತಿ ಆರಿಸಿದ ಮನೆಗಳು, ಹೆಚ್ಚುಕಮ್ಮಿ ಒಂದೇ ಇರಬೇಕು. ತಿಂಗಳು ತಿಂಗಳೂ ಒಂದೇ ಕಡೆ ವಾಲುತ್ತಿದ್ದರೆ ಅದು ಹಸುವಿನ ವಿಷಯ ಅಲ್ಲ, ಭೇಟಿಯ ವಿಷಯ. ಅಮೆರಿಕದ ಉದ್ಯೋಗ ಸಮೀಕ್ಷೆಯಲ್ಲೂ ಮೊದಲ ಭೇಟಿಯ ಮನೆಗಳಲ್ಲಿ ನಿರುದ್ಯೋಗ ಜಾಸ್ತಿ ಕಾಣೋದು ಹಳೇ ತಲೆನೋವು.

ಚೀಟಿ ಬಂತು, ಐದು ನಿಮಿಷವಂತೆ. ನಮ್ಮ ದೇಶದ ಉದ್ಯೋಗ ಸಮೀಕ್ಷೆ ಪಿಎಲ್‌ಎಫ್‌ಎಸ್ ಬಗ್ಗೆ ಉದ್ದ ಹೇಳಬೇಕಂತಿದ್ದೆ. 2025ರ ಜನವರಿಯಿಂದ ಒಂದೊಂದು ಮನೆಗೆ ಸತತ ನಾಲ್ಕು ತಿಂಗಳು ಭೇಟಿ, ತಿಂಗಳಿಂದ ತಿಂಗಳಿಗೆ 75% ಹಳೇದು. ನಮ್ಮ ಹಾಲಿನ ಲೆಕ್ಕದ್ದೇ ಅಳತೆ.

ಇನ್ನೊಂದೇ ಮಾತು. ಬದಲಾವಣೆ ಬೇಡ, ಈ ತಿಂಗಳ ಸರಾಸರಿ ಮಾತ್ರ ಸಾಕು ಅಂದರೆ ಉಳಿಸಬೇಕಾದ್ದು 75 ಅಲ್ಲ. ಕೋರಿಲೇಷನ್ 0.8ಕ್ಕೆ 37 ಅಥವಾ 38 ಮನೆ. ಯಾಕೆ ಅಂತ ಬೋರ್ಡ್ ಮೇಲೆ ತೋರಿಸೋಣ ಅಂದುಕೊಂಡಿದ್ದೆ, ಆದರೆ ಹಿಂದಿನ ಸಾಲಿನವರು ಆಗಲೇ ಊಟದ ಹಾಲ್ ಕಡೆ ಎದ್ದಿದ್ದಾರೆ. ಬೇಕಾದವರು ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬನ್ನಿ.