ಲೆಕ್ಕದ ಮೇಜಿನಿಂದ ತರಗತಿಗೆ

ಕೇಳುಗರಿಗೆ ನಮಸ್ಕಾರ. ಬಿ.ಎಡ್. ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನನ್ನು, ಬೇರೆ ಉದ್ಯೋಗದಲ್ಲಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಟಿಇಟಿ ಬರೆದರೆ ಶಿಕ್ಷಕರಾಗಬಹುದಲ್ಲವೇ?" ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ದಾರಿಯ ಮೊದಲ ಮೆಟ್ಟಿಲಲ್ಲ, ಅದಕ್ಕೂ ಮುನ್ನ ಶಿಕ್ಷಕ ತರಬೇತಿಯ ಕೋರ್ಸೊಂದಕ್ಕೆ ಸೇರಿ ಕೊನೆಯ ವರ್ಷಕ್ಕಾದರೂ ಬಂದಿರಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸುರತ್ಕಲ್ಲಿನ ಮೂವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಶೇಕಡಾ 58 ಅಂಕದೊಂದಿಗೆ ಬಿ.ಎಸ್ಸಿ. ಮುಗಿಸಿ, ಹತ್ತು ವರ್ಷ ಮಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿದ್ದಾರೆ. ಇವರಿಗೆ ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುವ ಆಸೆ. ಪದವಿಯಲ್ಲಿ ಶೇಕಡಾ 50 ದಾಟಿರುವುದರಿಂದ ಎರಡು ವರ್ಷದ ಬಿ.ಎಡ್.ಗೆ ಅರ್ಜಿ ಹಾಕಬಹುದು. ಆದರೆ ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಬಿ.ಎಡ್. ಮಾಡುವೆನೆಂದರೆ ನಡೆಯದು: ಆ ಕ್ರಮ ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ ಮೀಸಲು. ಶಾಲೆಯಲ್ಲಿ ವಾರಗಟ್ಟಲೆ ಪಾಠ ಮಾಡಿ ತೋರಿಸಬೇಕಾದ ಕೋರ್ಸನ್ನು ಕಚೇರಿಯ ರಜೆಯಲ್ಲಿ ಮುಗಿಸಲು ಸಾಧ್ಯವೂ ಇಲ್ಲ. ಹಾಗಾಗಿ ಎರಡು ವರ್ಷದ ಸಂಬಳದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಾಲದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ತೀರ್ಪು ನೀಡಿದೆ. ಆ ಮಕ್ಕಳಿಗೆ ಕಲಿಸಬಯಸುವವರು ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಓದಬೇಕು.

ಬಿ.ಎಡ್.ನ ಕೊನೆಯ ವರ್ಷದಲ್ಲಿ ನಮ್ಮ ಮಹಿಳೆ, ಆರರಿಂದ ಎಂಟನೇ ತರಗತಿಗೆ ಕಲಿಸುವವರಿಗಾಗಿ ಇರುವ ಟಿಇಟಿಯ ಎರಡನೇ ಪತ್ರಿಕೆಗೆ ಕುಳಿತರೆನ್ನಿ. ಎರಡೂವರೆ ಗಂಟೆ, 150 ಪ್ರಶ್ನೆ, ಪ್ರತಿಯೊಂದಕ್ಕೂ ಒಂದು ಅಂಕ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರದಲ್ಲಿ 19, ಕನ್ನಡದಲ್ಲಿ 22, ಇಂಗ್ಲಿಷಿನಲ್ಲಿ 21, ಗಣಿತ ಮತ್ತು ವಿಜ್ಞಾನದಲ್ಲಿ ಅರವತ್ತಕ್ಕೆ 27, ಒಟ್ಟು 89. ಒಂದೇ ಅಂಕ! ತಮ್ಮದೇ ವಿಷಯದಲ್ಲಿ ಎಡವಿದ್ದೇಕೆ? ವಿಜ್ಞಾನವೆಂದರೆ ಜೀವಶಾಸ್ತ್ರವೂ ಸೇರುತ್ತದೆ. ಪದವಿಯಲ್ಲಿ ಅದನ್ನು ಕೈಬಿಟ್ಟವರು ಎಂಟನೇ ತರಗತಿಯ ಪುಸ್ತಕವನ್ನೂ ತೆರೆದಿರುವುದಿಲ್ಲ. ಮೇಲಾಗಿ, ಗೊತ್ತಿಲ್ಲವೆಂದು ಅವರು ನಾಲ್ಕು ಪ್ರಶ್ನೆ ಬಿಟ್ಟಿದ್ದರು. ತಪ್ಪು ಉತ್ತರಕ್ಕೆ ಅಂಕ ಕಳೆಯದ ಈ ಪರೀಕ್ಷೆಯಲ್ಲಿ ಹಾಗೆ ಬಿಡುವುದರಿಂದ ಲಾಭವಿಲ್ಲ. ಅಂಕಗಳ ಮೊತ್ತವನ್ನಷ್ಟೇ ನೋಡುವುದರಿಂದ, ಮುಂದಿನ ಸಲ ಅವರು ಮಕ್ಕಳ ಮನಶ್ಶಾಸ್ತ್ರ ಮತ್ತು ಶಾಲಾ ಪಠ್ಯಪುಸ್ತಕಗಳ ಮೇಲೆ ಸಮಯ ಕೊಟ್ಟರೆ ಸಾಕು.

ಈ ಪ್ರಮಾಣಪತ್ರಕ್ಕೆ ಈಗ ಜೀವಾವಧಿ ಮಾನ್ಯತೆ ಇದೆ. ಆದರೆ ಇದು ನೇಮಕಾತಿ ಪತ್ರವಲ್ಲ. ಸರ್ಕಾರಿ ಶಾಲೆಯ ಹುದ್ದೆಗೆ ಅಧಿಸೂಚನೆ ಹೊರಟಾಗ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು, ಅದಕ್ಕೆ ವಯೋಮಿತಿಯೂ ಉಂಟು. ಮೂವತ್ತು ದಾಟಿದವರು ಕಚೇರಿಗೆ ರಾಜೀನಾಮೆ ಕೊಡುವ ಮುನ್ನವೇ ಹಿಂದಿನ ಅಧಿಸೂಚನೆಯ ವಯೋಮಿತಿಯ ಸಾಲನ್ನು ಓದಿ, ಬಿ.ಎಡ್.ನ ಎರಡು ವರ್ಷವನ್ನೂ ಕೂಡಿಸಿ ನೋಡಬೇಕು.