ಅರ್ಜಿ ಬರೆಯುವ ಮುಂಚೆ ಕೇಳಬೇಕೋ, ಬರೆದು ತೋರಿಸಬೇಕೋ?

ಕೇಳುಗರಿಗೆ ನಮಸ್ಕಾರ. ಊರಿನವರಿಗೆ ಅರ್ಜಿ ಬರೆದುಕೊಡುವವರ ಜೊತೆ ಇವತ್ತು ಮಾತಾಡಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಕೂರುವವರು, ಅಕ್ಕಪಕ್ಕದ ಮನೆಯವರಿಗೆ ಬರೆದುಕೊಡುವ ಕಾಲೇಜು ಮಕ್ಕಳು, ಸ್ವಲ್ಪ ಕಿವಿಗೊಡಿ.

ನಾನು ಹೇಳುವುದು ಒಂದೇ ಮಾತು. ಅರ್ಥ ತಪ್ಪಿದರೆ ಅರ್ಜಿಯ ದಾರಿಯೇ ತಪ್ಪುತ್ತದೆ ಅನ್ನುವ ಕಡೆ ಎರಡು ಮೂರು ಆಯ್ಕೆ ಮುಂದಿಟ್ಟು ಕೇಳಿ. ಬರೀ ಮಾತಿನ ಧಾಟಿ ಬದಲಾಗುತ್ತದೆ ಅನ್ನುವ ಕಡೆ ಕೇಳಬೇಡಿ. ಬರೆದು ಓದಿ ಹೇಳಿ.

ತಾಲ್ಲೂಕು ಕಚೇರಿ ಹತ್ತಿರ ಒಬ್ಬ ಅಜ್ಜಿ ಬಂದರು. "ಪಹಣಿಯಲ್ಲಿ ಹೆಸರು ಸರಿ ಮಾಡಿಸ್ಬೇಕು, ಬರ್ದುಕೊಡಪ್ಪ" ಅಂದರು. ಅಲ್ಲಿದ್ದ ಹುಡುಗ ಅಕ್ಷರ ತಪ್ಪಿರಬೇಕು ಅಂದುಕೊಂಡು ತಿದ್ದುಪಡಿ ಅರ್ಜಿ ಶುರುಮಾಡಿಬಿಟ್ಟ. ಪಕ್ಕದಲ್ಲಿದ್ದ ಹೆಣ್ಣುಮಗಳು ತಡೆದಳು. ಪಹಣಿ ಇಸಿದುಕೊಂಡು 9ನೇ ಕಾಲಂ ನೋಡಿದಳು. ಅಲ್ಲಿದ್ದದ್ದು ಅಜ್ಜಿಯ ಗಂಡನ ಹೆಸರು.

"ಅಜ್ಜಿ, ಯಜಮಾನ್ರು ಇದ್ದಾರಾ?"

"ಹೋಗಿ ಎರಡು ವರ್ಷ ಆಯ್ತವ್ವ."

"ಹಾಗಾದ್ರೆ ಹೇಳಿ. ನಿಮ್ಮದು, ಮಕ್ಕಳದು ಎಲ್ಲಾ ಹೆಸರು ಒಟ್ಟಿಗೆ ಬರಬೇಕಾ? ಇಲ್ಲಾ ಜಮೀನು ಭಾಗ ಮಾಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಆಗಬೇಕಾ?"

"ಭಾಗ ಈಗ ಬೇಡ. ಎಲ್ಲರದ್ದೂ ಬರಲಿ. ಮಗಳದ್ದೂ."

ಅದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಭಾಗ ಅಂದಿದ್ದರೆ ಅಳತೆ, ಭಾಗ ತೋರಿಸುವ 11ಇ ನಕ್ಷೆ ಅಂತ ಬೇರೆಯೇ ದಾರಿ. ಹುಡುಗನ ತಿದ್ದುಪಡಿ ಅರ್ಜಿ ಒಳಗೆ ಹೋಗಿದ್ದರೆ ಅಜ್ಜಿ ಸುಮ್ನೆ ಅಲೆಯಬೇಕಿತ್ತು.

ಆಕೆ ಕೇಳಿದ ರೀತಿ ಗಮನಿಸಿದಿರಾ? "ಪೌತಿನಾ, ವಿಭಾಗನಾ" ಅಂತ ಕಚೇರಿ ಮಾತಲ್ಲಿ ಕೇಳಲಿಲ್ಲ. ಹಾಗೆ ಕೇಳಿದ್ದರೆ ಅಜ್ಜಿ ಮೊದಲನೆಯದಕ್ಕೇ ಹೂಂ ಅಂದುಬಿಡುತ್ತಿದ್ದರು. ಕೊನೆಗೆ ಪಹಣಿಯಲ್ಲಿ ಏನು ಕಾಣಬೇಕು ಅಂತ ಕೇಳಿದಳು. "ನಿಮಗೆ ಹೇಗೆ ತೋಚುತ್ತೋ ಹಾಗೆ ಬರೀರಿ" ಅಂತ ಉತ್ತರ ಬಂದರೆ, ಅವರಿಗೆ ಆಯ್ಕೆ ತಿಳಿದಿಲ್ಲ ಅಂತಲೇ ಅರ್ಥ. ಇನ್ನೊಮ್ಮೆ ಬಿಡಿಸಿ ಕೇಳಿ.

ಇನ್ನು ಬೀದಿ ದೀಪದ ಅರ್ಜಿ. ಪಂಚಾಯಿತಿಗೆ ಹೋಗುವ ಈ ಕಾಗದಕ್ಕೂ ಕೆಲವರು "ವಿನಯವಾಗಿ ಬರೀಲಾ, ಖಡಕ್ಕಾಗಿ ಬರೀಲಾ, ಉದ್ದ ಇರ್ಲಾ" ಅಂತ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾರೆ. ದಯವಿಟ್ಟು ಬೇಡ. ಕೆಲಸ ಬಿಟ್ಟು ಬಂದವರಿಗೆ ಅದು ಕಿರಿಕಿರಿ. ನಿಮಗೆ ತೋಚಿದ್ದು ಬರೆದು ಗಟ್ಟಿಯಾಗಿ ಓದಿ. "ಗುಡಿ ಹತ್ತಿರದ ಕಂಬ ಅಲ್ಲ, ಶಾಲೆ ಹತ್ತಿರದ್ದು" ಅಂತ ತಾವಾಗಿಯೇ ತಿದ್ದುತ್ತಾರೆ. ತಿದ್ದುವುದು ಸುಲಭ, ಅಲ್ವಾ?

ಸಮಯ ಆಗುತ್ತಿದೆ, ಇನ್ನೊಂದೇ ಹೇಳುತ್ತೇನೆ. ಪಹಣಿ ವಿಚಾರವಾದರೂ, ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಕೈಯಲ್ಲಿ ಹಿಡಿದೇ ಬಂದವರಿಗೆ ಮೂರು ಆಯ್ಕೆ ಹೇಳುತ್ತಾ ಕೂರಬೇಡಿ. ಪೌತಿ ಅರ್ಜಿಯನ್ನೇ ಬರೆದು, ವಾರಸುದಾರರ ಹೆಸರು ಒಂದೊಂದಾಗಿ ಓದಿ, ಯಾರಾದರೂ ಬಿಟ್ಟುಹೋಗಿದ್ದಾರಾ ಅಂತ ಕೇಳಿ. ನಮಸ್ಕಾರ.