ಬೈಸೆಕ್ಷನ್: ಎಷ್ಟು ಸಲ ಅರ್ಧ ಮಾಡಿದರೆ ಸಾಕು?

[ಪರದೆಯಲ್ಲಿ: f(x) = x³ − 2x − 5 ರ ವಕ್ರರೇಖೆ, 2 ರಿಂದ 3 ರವರೆಗೆ]

ನಮಸ್ಕಾರ. ಪರದೆಯ ಮೇಲಿರುವ ಈ ಸಮೀಕರಣವನ್ನು ನ್ಯೂಟನ್ ತನ್ನ ವಿಧಾನವನ್ನು ತೋರಿಸಲು ಉದಾಹರಣೆಯಾಗಿ ಆರಿಸಿಕೊಂಡಿದ್ದ. ನಾವು ಅದನ್ನೇ ಬೈಸೆಕ್ಷನ್ ವಿಧಾನದಿಂದ ಬಿಡಿಸೋಣ. ಇದು ನ್ಯೂಟನ್‌ನ ವಿಧಾನಕ್ಕಿಂತ ಬಹಳ ನಿಧಾನ. ಆದರೆ ಎಷ್ಟು ಹೆಜ್ಜೆ ಬೇಕೆಂಬುದನ್ನು ಮೊದಲ ಹೆಜ್ಜೆ ಇಡುವ ಮುನ್ನವೇ ಹೇಳಿಬಿಡಬಹುದು.

x = 2 ಆದಾಗ ಫಂಕ್ಷನ್ನಿನ ಬೆಲೆ −1, x = 3 ಆದಾಗ 16. ವಕ್ರರೇಖೆ ಎಲ್ಲೂ ತುಂಡಾಗದೆ ಋಣದಿಂದ ಧನಕ್ಕೆ ಏರುವುದರಿಂದ, ನಡುವೆ ಎಲ್ಲೋ ಅದು ಸೊನ್ನೆಯನ್ನು ದಾಟಲೇಬೇಕು. ಅದು ಸೊನ್ನೆಯಾಗುವ ಆ x ಬೆಲೆಯೇ ನಾವು ಹುಡುಕುತ್ತಿರುವ ಮೂಲ. (1/x ನಂತೆ ನಡುವೆ ತುಂಡಾಗುವ ಫಂಕ್ಷನ್ನಿಗೆ ಈ ಮಾತು ಸಲ್ಲದು, ಅಲ್ಲಿ ಚಿಹ್ನೆ ಬದಲಾದರೂ ಮೂಲವಿರುವುದಿಲ್ಲ.) ಮಧ್ಯಬಿಂದು 2.5 ರಲ್ಲಿ ಬೆಲೆ 5.625, ಅಂದರೆ ಧನ. ಹಾಗಾಗಿ ಮೂಲವು 2 ಮತ್ತು 2.5 ರ ನಡುವೆ ಇದೆ. ಬಲಭಾಗವನ್ನು ಬಿಟ್ಟು ಎಡಭಾಗವನ್ನು ಮತ್ತೆ ಅರ್ಧ ಮಾಡುತ್ತೇವೆ.

[ಪರದೆಯಲ್ಲಿ: ಮಧ್ಯಬಿಂದುಗಳು 2.5, 2.25, 2.125, 2.0625, 2.09375, 2.109375]

ನಿಜವಾದ ಮೂಲ ಸುಮಾರು 2.0945515. ಐದನೆಯ ಮಧ್ಯಬಿಂದುವನ್ನು ಗಮನಿಸಿ: 2.09375. ಅದರ ದೋಷ ಕೇವಲ 0.0008, ಅಲ್ಲಿ ಫಂಕ್ಷನ್ನಿನ ಬೆಲೆ −0.0089. ಮೂಲ ಪಕ್ಕದಲ್ಲೇ ಇದೆಯೆಂದು ಈ ಬೆಲೆಯೇ ಸೂಚಿಸುತ್ತಿದ್ದರೂ ಬೈಸೆಕ್ಷನ್ ಅದರ ಗಾತ್ರವನ್ನು ನೋಡುವುದೇ ಇಲ್ಲ, ಚಿಹ್ನೆಯನ್ನಷ್ಟೇ ನೋಡಿ ಮುಂದಿನ ಮಧ್ಯಬಿಂದುವಿಗೆ, ಅಂದರೆ 2.109375 ಕ್ಕೆ ಹಾರುತ್ತದೆ. ಅಲ್ಲಿ ದೋಷ 0.0148 ಕ್ಕೆ ಏರುತ್ತದೆ. ಒಂದು ಹೆಜ್ಜೆ ಮುಂದಿಟ್ಟು, ಉತ್ತರದಿಂದ ಇನ್ನಷ್ಟು ದೂರವಾದೆವು!

ಹಾಗಿದ್ದರೆ ಪ್ರತಿ ಹೆಜ್ಜೆಗೂ ಅರ್ಧವಾಗುವುದು ಏನು? ದೋಷವಲ್ಲ, ದೋಷದ ಮೇಲ್ಮಿತಿ. ಆರಂಭದ ಅಂತರಾಳದ ತುದಿಗಳು a ಮತ್ತು b, ಮೂಲ r ಎಂದಿರಲಿ. n ನೆಯ ಮಧ್ಯಬಿಂದು mₙ ಮೂಲದಿಂದ ಎಷ್ಟೇ ದೂರವಿದ್ದರೂ, ಆ ದೂರ ಇದನ್ನು ಮೀರುವುದಿಲ್ಲ:

[ಪರದೆಯಲ್ಲಿ: |mₙ − r| ≤ (b − a) / 2ⁿ]

ಆರನೆಯ ಹೆಜ್ಜೆಗೆ ಈ ಮಿತಿ 1/64, ಅಂದರೆ 0.0156, ನಮ್ಮ 0.0148 ಅದರೊಳಗೇ ಇದೆ. ಮಿತಿ ಹೀಗೆ ಇಳಿಯುವುದನ್ನು ರೇಖೀಯ ಅಭಿಸರಣ ಎನ್ನುತ್ತಾರೆ. ಹಾಗೆಂದಾಗ ದೋಷವು ಪ್ರತಿ ಸಲ ಒಂದೇ ಮೊತ್ತದಷ್ಟು ಇಳಿಯುತ್ತದೆಂದು ತಿಳಿಯುವವರಿದ್ದಾರೆ. ಅದು ತಪ್ಪು, ಮುಂದಿನ ಮಿತಿಯು ಹಿಂದಿನ ಮಿತಿಯ ಒಂದು ಸ್ಥಿರ ಭಾಗ, ಇಲ್ಲಿ ಅರ್ಧ, ಎಂಬುದಷ್ಟೇ ಅದರ ಅರ್ಥ. ಎಡವೋ ಬಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಪಡೆಯುವ ವಿಧಾನಕ್ಕೆ ಇದಕ್ಕಿಂತ ವೇಗ ಸಾಧ್ಯವಿಲ್ಲ.

ಈಗ ಎಣಿಕೆಗೆ ಬರೋಣ. ನಾವು ಒಪ್ಪುವ ದೋಷದ ಮಿತಿಯನ್ನು ε ಎಂದರೆ, ಮೇಲಿನ ಮಿತಿಯು ε ಗಿಂತ ಹೆಚ್ಚಾಗಬಾರದು. ಎರಡನ್ನು ಆಧಾರವಾಗಿಟ್ಟು ಲಘುಗಣಕ ತೆಗೆದುಕೊಂಡರೆ n ಸಿಗುತ್ತದೆ.

[ಪರದೆಯಲ್ಲಿ: n ≥ log₂((b − a) / ε)]

ε ಹತ್ತು ಲಕ್ಷದಲ್ಲೊಂದು ಭಾಗವಾಗಿರಲಿ. 2 ರ 19 ನೆಯ ಘಾತ 5,24,288, ಸಾಲದು. 20 ನೆಯದು 10,48,576, ಸಾಕು. ಆದ್ದರಿಂದ n = 20. ಇನ್ನೂ ಮೂರು ದಶಾಂಶ ಸ್ಥಾನ ಬೇಕೆಂದರೆ ಹತ್ತು ಹೆಜ್ಜೆ ಹೆಚ್ಚಿಸಿದರಾಯಿತು, ಏಕೆಂದರೆ 2 ರ 10 ನೆಯ ಘಾತ 1024. ಈ ಎಣಿಕೆಯಲ್ಲಿ f ಎಂಥದ್ದೆಂಬುದು ಎಲ್ಲೂ ಬರಲಿಲ್ಲ. ಅಂತರಾಳದ ಅಗಲ ಮತ್ತು ε ಮಾತ್ರ ಬಂದವು.

ಒಂದು ಹೆಜ್ಜೆಯ ವ್ಯತ್ಯಾಸದಿಂದ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ, ಆದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ಇಪ್ಪತ್ತನೆಯ ಮಧ್ಯಬಿಂದುವನ್ನೇ ಉತ್ತರವಾಗಿ ಕೊಡುವುದಾದರೆ ಅಲ್ಲಿ ಚಿಹ್ನೆ ನೋಡುವ ಅಗತ್ಯವಿಲ್ಲ, 19 ಸಲ ಅರ್ಧ ಮಾಡಿದರೆ ಸಾಕು. ಕೊನೆಯ ಅಂತರಾಳದ ಒಂದು ತುದಿಯನ್ನು ಉತ್ತರವಾಗಿ ಕೊಡುವುದಾದರೆ 20 ಸಲ ಬೇಕು.

[ಪರದೆಯಲ್ಲಿ: `while b - a > 1e-16:`]

ಈಗ ಪ್ರೋಗ್ರಾಂ ಬರೆಯೋಣ. ಅಂತರಾಳದ ಅಗಲ 10⁻¹⁶ ಕ್ಕಿಂತ ಹೆಚ್ಚಿರುವವರೆಗೆ ಅರ್ಧ ಮಾಡುತ್ತಲೇ ಇರು ಎನ್ನುವ ಈ ಸುತ್ತು ನಮ್ಮ ಸಮೀಕರಣಕ್ಕೆ ಎಂದೂ ಮುಗಿಯುವುದಿಲ್ಲ. ಸೂತ್ರದ ಪ್ರಕಾರ 54 ಸಲ ಅರ್ಧ ಮಾಡಬೇಕು. ಆದರೆ ಕಂಪ್ಯೂಟರಿನ 64 ಬಿಟ್‌ಗಳ ಸಾಮಾನ್ಯ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ 2 ಮತ್ತು 4 ರ ನಡುವೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ 2⁻⁵¹, ಸುಮಾರು 4.4 × 10⁻¹⁶. ಐವತ್ತೊಂದನೆಯ ಸಲ ಅರ್ಧ ಮಾಡಿದ ಮೇಲೆ a ಮತ್ತು b ಪಕ್ಕಪಕ್ಕದ ಸಂಖ್ಯೆಗಳಾಗುತ್ತವೆ. ಅವುಗಳ ಮಧ್ಯಬಿಂದುವಿಗೆ ಜಾಗವೇ ಇಲ್ಲದ್ದರಿಂದ ಅದು ಯಾವುದಾದರೊಂದು ತುದಿಗೇ ಹೋಗಿ ಅಂಟಿಕೊಳ್ಳುತ್ತದೆ, ಅಂತರಾಳ ಕಿರಿದಾಗುವುದು ನಿಲ್ಲುತ್ತದೆ, ಪ್ರೋಗ್ರಾಂ ಮಾತ್ರ ಓಡುತ್ತಲೇ ಇರುತ್ತದೆ. n ಅನ್ನು ಮೊದಲೇ ಲೆಕ್ಕ ಹಾಕಿ `for` ಬರೆದರೆ ಹೀಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ n ಇಲ್ಲಿ 51 ನ್ನು ಮೀರಿದರೆ, ಉಳಿದ ಸುತ್ತುಗಳಿಂದ ಉತ್ತರದ ಒಂದು ಅಂಕಿಯೂ ಸುಧಾರಿಸುವುದಿಲ್ಲ.